ಡೊಂಬಿವಲಿ ಪೂರ್ವದ ನಮ್ಮ ಜಿಮ್: ಮೂರು ತಿಂಗಳಾದ ಮೇಲೆ

ಕಳೆದ ಅಕ್ಟೋಬರ್‌ನಲ್ಲಿ ನಾನೂ ನಮ್ಮನೆಯವರೂ ಈ ಜಿಮ್‌ನಲ್ಲಿ ಜೋಡಿ ಪ್ಲಾನ್ ತಗೊಂಡೆವು. ವರ್ಷಕ್ಕೆ ಇಬ್ಬರಿಗೂ ಸೇರಿ 22,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಕೌಂಟರಿನ ರೇಟ್ ಕಾರ್ಡ್‌ನಲ್ಲಿ ಇನ್ನೂ 18 ಪರ್ಸೆಂಟ್ ಅಂತಲೇ ಇತ್ತು. ಜಿಮ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಕೇಳಿದ ಮೇಲೆ ಬಿಲ್ ತಿದ್ದಿ ಕೊಟ್ಟರು, 2,860 ರೂಪಾಯಿ ಉಳಿಯಿತು. ಸೇರುವವರು ಬಿಲ್ ಒಮ್ಮೆ ನೋಡಿಕೊಳ್ಳಿ.

ಸಲಕರಣೆ ಚೆನ್ನಾಗಿದೆ. ಈ ದುಡ್ಡಿಗೆ ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಎರಡು ಸ್ಕ್ವಾಟ್ ರ‍್ಯಾಕ್, ಲೆಗ್ ಪ್ರೆಸ್, ಸ್ಮಿತ್ ಮೆಷಿನ್, 2.5ರಿಂದ 30 ಕಿಲೋವರೆಗೆ ಡಂಬೆಲ್. ಬಾರ್‌ಬೆಲ್ ಸರಿಯಾದ 20 ಕಿಲೋದ್ದು. ಹೆಂಗಸರಿಗೆ ಹಗುರ ಬಾರ್ ಕೂಡ ಇದೆ, ಅದು ಎಲ್ಲ ಕಡೆ ಸಿಗಲ್ಲ. ಟ್ರೆಡ್‌ಮಿಲ್ ಐದಿವೆ, ಒಂದು ಯಾವಾಗಲೂ ಕೆಟ್ಟಿರುತ್ತೆ. ಯಾವುದು ಅನ್ನೋದು ಮಾತ್ರ ವಾರವಾರ ಬದಲಾಗುತ್ತೆ.

ನನಗೆ ಹೆದರಿಕೆ ಹುಟ್ಟಿಸಿದ್ದು ಲ್ಯಾಟ್ ಪುಲ್‌ಡೌನ್. ಅದರ ಕೇಬಲ್‌ನ ಪ್ಲಾಸ್ಟಿಕ್ ಕವರ್ ರಾಟೆಯ ಹತ್ತಿರ ಸವೆದು, ಒಳಗಿನ ತಂತಿಯ ಎಳೆಗಳು ಮುಳ್ಳಿನ ಥರ ಎದ್ದು ನಿಂತಿದ್ದವು. ತೂಕದ ಪಿನ್ ಕಳೆದುಹೋಗಿತ್ತು, ಅದರ ಜಾಗದಲ್ಲಿ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿದ್ದರು! ಮೂರು ಸಲ ಹೇಳಿದ ಮೇಲೆ ಪಿನ್ ಬಂತು, ಕೇಬಲ್ ಡಿಸೆಂಬರ್ ಕೊನೆಗೆ ಬದಲಾಯಿತು. ಅಲ್ಲಿಯವರೆಗೆ 'ಬಳಸಬೇಡಿ' ಅಂತ ಒಂದು ಚೀಟಿ ಅಂಟಿಸೋಕೂ ಯಾರಿಗೂ ಕೈ ಬರಲಿಲ್ಲ.

ಟ್ರೇನರ್ ವಿಷಯ. ಮೊದಲ ಎರಡು ವಾರ ರಾಜೋಪಚಾರ. ಸೊಲ್ಲಾಪುರ ಕಡೆಯ ಒಬ್ಬ ಹುಡುಗ ನಾವು ಕನ್ನಡ ಮಾತಾಡೋದು ಕೇಳಿ ತಾನೇ ಬಂದು ಪರಿಚಯ ಮಾಡಿಕೊಂಡ. ಸ್ಕ್ವಾಟ್ ಮಾಡುವಾಗ ಎದುರು ಕುಕ್ಕರುಗಾಲಲ್ಲಿ ಕೂತು, "ಮಣಕಾಲು ಒಳಗ ಹೊಂಟಾವ್ರಿ ಅಕ್ಕಾ, ಹೊರಗ ದಬ್ಬ್ರಿ" ಅನ್ನುತ್ತಿದ್ದ. ಅವನು ಹೇಳಿದ ಹಾಗೆ ಮಾಡಿದ ಮೇಲೆ ನನ್ನ ಮಂಡಿ ನೋವು ನಿಂತಿತು. ನವೆಂಬರ್‌ನಲ್ಲಿ ಅವನು ಬೇರೆ ಜಿಮ್‌ಗೆ ಹೋದ. ಆಮೇಲೆ ಬಂದವರ ಕಣ್ಣೆಲ್ಲ ಪರ್ಸನಲ್ ಟ್ರೇನಿಂಗ್ ಗಿರಾಕಿಗಳ ಮೇಲೆ. ತಿಂಗಳಿಗೆ 6,000 ಕೊಟ್ಟರೆ ಪಕ್ಕದಲ್ಲೇ ನಿಂತು ಎಣಿಸುತ್ತಾರೆ, ಇಲ್ಲದಿದ್ದರೆ ನೀವು ಬೆನ್ನು ಬಗ್ಗಿಸಿ ಡೆಡ್‌ಲಿಫ್ಟ್ ಮಾಡಿದರೂ ಫೋನ್‌ನಿಂದ ತಲೆ ಎತ್ತಲ್ಲ. ಕರೆದು ಕೇಳಿದರೆ ಹೇಳಿಕೊಡುತ್ತಾರೆ, ಸುಳ್ಳು ಹೇಳಬಾರದು. ಆದರೆ ತಪ್ಪು ಮಾಡ್ತಿದ್ದೀವಿ ಅಂತ ಗೊತ್ತಿದ್ದರೆ ತಾನೇ ಕೇಳೋದು, ಅಲ್ವಾ? ಲೇಡಿ ಟ್ರೇನರ್ ಬೆಳಿಗ್ಗೆ 11ರವರೆಗೆ ಮಾತ್ರ.

ರಶ್ ಎಲ್ಲ ಲೋಕಲ್ ಟ್ರೇನ್ ಲೆಕ್ಕದಲ್ಲಿ ನಡೆಯುತ್ತೆ. ಬೆಳಿಗ್ಗೆ ಏಳರ ಹೊತ್ತಿಗೆ ಆಫೀಸಿನವರು ಸ್ಟೇಷನ್ ಕಡೆ ಓಡುತ್ತಾರೆ, ಜಿಮ್ ಅರ್ಧ ಖಾಲಿ. ಸಂಜೆ ಎಂಟಕ್ಕೆ ಅವರೇ ಸಿಎಸ್‌ಎಂಟಿ ಕಡೆಯಿಂದ ಇಳಿದು ಬ್ಯಾಗ್ ಸಮೇತ ಒಳಗೆ ಬರುತ್ತಾರೆ. ಬೆಂಚ್ ಸಿಗಬೇಕಾದರೆ ಕಾಲು ಗಂಟೆ ಕಾಯಬೇಕು, ಬೆವರಿಗೆ ಎಸಿ ಸಾಲಲ್ಲ. ಜನವರಿಯಲ್ಲಂತೂ ಹೊಸ ವರ್ಷದ ಉತ್ಸಾಹಿಗಳು ಸೇರಿ ಡಂಬೆಲ್ ಹತ್ತಿರ ಕಾಲಿಡೋಕೂ ಜಾಗ ಇಲ್ಲ. ನಾನು ಬೆಳಿಗ್ಗೆ ಏಳೂವರೆಗೆ ಹೋಗ್ತೀನಿ, ನನಗೆ ತೊಂದರೆ ಇಲ್ಲ. ಸಂಜೆಯೇ ಬರಬೇಕಾದವರು ಒಂದು ಸೋಮವಾರ ಎಂಟಕ್ಕೆ ಬಂದು ನೋಡಿ ಆಮೇಲೆ ದುಡ್ಡು ಕಟ್ಟಿ. ಟ್ರಯಲ್‌ಗೆ ಅವರು ಮಧ್ಯಾಹ್ನವೇ ಕರೆಯುತ್ತಾರೆ, ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಬಿಡುವ ಷರತ್ತು. ನಮ್ಮನೆಯವರಿಗೆ ಡಿಸೆಂಬರ್‌ನಲ್ಲಿ ನಾಸಿಕ್‌ಗೆ ವರ್ಗ ಆಯಿತು. ಅವರ ಪಾಲಿನ ಉಳಿದ ಒಂಬತ್ತು ತಿಂಗಳ ದುಡ್ಡು ಕೇಳಿದರೆ ಮ್ಯಾನೇಜರ್ ರಸೀದಿ ತಿರುಗಿಸಿ ತೋರಿಸಿದರು. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ: ಏಳು ದಿನ ದಾಟಿದರೆ ವಾಪಸ್ ಇಲ್ಲ. ವರ್ಷಕ್ಕೆ ಒಂದೇ ಸಲ ಫ್ರೀಜ್, ಅದೂ 30 ದಿನ. ಬೇರೆಯವರ ಹೆಸರಿಗೆ ಮಾಡಲು 2,000, ಅವರು ಹಿಂದೆ ಇಲ್ಲಿ ಸದಸ್ಯರಾಗಿರಬಾರದು. ದುಡ್ಡು ಕಟ್ಟುವ ಮುಂಚೆ ನಾನು ವಾಟ್ಸ್ಯಾಪ್‌ನಲ್ಲಿ ಕೇಳಿದ್ದೆ. "ಊರು ಬಿಟ್ಟರೆ ಅಡ್ಜಸ್ಟ್ ಮಾಡ್ತೀವಿ ಮೇಡಂ" ಅಂತ ಸೇಲ್ಸ್ ಹುಡುಗಿ ಬರೆದಿದ್ದಾಳೆ. ಅದನ್ನು ತೋರಿಸಿದೆ. ಅವಳು ಈಗ ಇಲ್ಲಿ ಕೆಲಸದಲ್ಲಿಲ್ಲ ಅಂದರು. ಅವಳು ಇಲ್ಲದಿದ್ದರೇನು, ನಂಬರ್ ಜಿಮ್‌ದೇ ತಾನೇ?

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ರಸೀದಿಯ ಎರಡೂ ಬದಿಯ ಫೋಟೋ, ಆ ವಾಟ್ಸ್ಯಾಪ್ ಮಾತು, ನಾಸಿಕ್‌ನ ವರ್ಗದ ಆದೇಶ ಎಲ್ಲ ಜೋಡಿಸಿಟ್ಟಿದ್ದೇನೆ. ಅದಾದ ಮೇಲೆ ಮ್ಯಾನೇಜರ್ ಬೇರೆಯವರ ಹೆಸರಿಗೆ ಮಾಡುವ ಆ 2,000 ಬಿಡ್ತೀವಿ ಅಂದಿದ್ದಾರೆ. ದುಡ್ಡಿನ ಮಾತು ಇನ್ನೂ ಎತ್ತಿಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಮೂರೂ ಸಲಕರಣೆಗೆ ಮತ್ತು ಬೆಳಗಿನ ಹೊತ್ತಿಗೆ. ಸೇರುವುದಾದರೆ ಮೂರು ತಿಂಗಳ ಪ್ಲಾನ್ ತಗೊಳ್ಳಿ, 4,500 ಆಗುತ್ತೆ. ವರ್ಷದ ಲೆಕ್ಕಕ್ಕೆ ಅದು ದುಬಾರಿ, ಆದರೂ ಅದೇ ತಗೊಳ್ಳಿ. ಇಲ್ಲವಾದರೆ ಅಕ್ಟೋಬರ್‌ವರೆಗಿನ ಒಂದು ಮೆಂಬರ್‌ಶಿಪ್ ನಮ್ಮ ಹತ್ತಿರ ಇದೆ, ಹೊಸಬರಾಗಿದ್ದರೆ ಸಾಕು, ಅರ್ಧ ರೇಟಿಗೆ ಕೊಡ್ತೀವಿ.