ನಿವೃತ್ತಿ ವಿಡಿಯೊ: ಪಂಪ್ ವಿಭಾಗದಿಂದ ಸರ್‌ಗೆ

(ಸರ್ ಅವರ ಟೂಲ್ ಬಾಕ್ಸ್, ಹತ್ತಿರದಿಂದ. ಫೀಲರ್ ಗೇಜ್ ಮೇಲೆ ಎಣ್ಣೆಯ ಬೆರಳಚ್ಚು. ಪಂಪ್ ಸದ್ದು, 5 ಸೆಕೆಂಡ್.)

ಫಿಟ್ಟರ್: ಸರ್, ಬೇರಿಂಗ್ ಹೌಸಿಂಗ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗ ಗ್ರೀಸ್ ಸಾಕು, ಗಿಡಿದು ತುಂಬಿದರೆ ಕಾದು ಕೆಡುತ್ತೆ ಅಂತ ಕಲಿಸಿದವರು ನೀವು.

ಅಪ್ರೆಂಟಿಸ್: ಅಲೈನ್‌ಮೆಂಟ್‌ಗೆ ಮೊದಲು ಮೋಟರ್‌ನ ನಾಲ್ಕೂ ಕಾಲು ನೋಡಬೇಕು. ಒಂದೊಂದೇ ಬೋಲ್ಟ್ ಸಡಿಲಿಸಿ, ಕಾಲು ಎದ್ದರೆ ಅಳತೆ ತೆಗೆದು ಶಿಮ್ ಹಾಕಬೇಕು. ಇಲ್ಲವಾದರೆ ಬಿಗಿದಾಗ ಶಾಫ್ಟ್ ಮತ್ತೆ ಸರಿಯುತ್ತೆ. ನೀವು ನೂರು ಸಲ ಹೇಳಿದ್ದು, ಬೇಸರವಿಲ್ಲದೆ. ಎಂಥ ತಾಳ್ಮೆ ಸರ್!

ಎಲೆಕ್ಟ್ರಿಷಿಯನ್: ನೀವು ಬಂದು ನೋಡದೆ ಐಸೋಲೇಟರ್ ಬೀಗ ಯಾರೂ ತೆಗೆದಿಲ್ಲ. ನಮ್ಮೆಲ್ಲರ ಹತ್ತು ಬೆರಳೂ ಕ್ಷೇಮ.

(ಎಲ್ಲರೂ, ಪಂಪ್ ಪಕ್ಕ ನಿಂತು): ಹೋಗಿ ಬನ್ನಿ ಸರ್!