ಮಂಜೂರಾದ ರಜೆಯನ್ನು ಹಿಂಪಡೆಯಲು ಕೋರಿ ಪತ್ರ

ಚಿಕ್ಕಮಗಳೂರು
15 ಅಕ್ಟೋಬರ್ 2025

ಇವರಿಂದ:
ಪ್ರದೀಪ್
ಕ್ಷೇತ್ರ ಮೇಲ್ವಿಚಾರಕ, ತೋಟಗಳ ಮ್ಯಾಪಿಂಗ್ ಯೋಜನೆ

ಇವರಿಗೆ:
ವ್ಯವಸ್ಥಾಪಕರು
ಕಾಫಿ ಖರೀದಿ ಮತ್ತು ರಫ್ತು ವಿಭಾಗ

ವಿಷಯ: ಅಕ್ಟೋಬರ್ 17, 18, 21, 23 ಮತ್ತು 24ರ ಐದು ದಿನಗಳ ಗಳಿಕೆ ರಜೆಯನ್ನು ರದ್ದುಪಡಿಸುವ ಬಗ್ಗೆ

ಉಲ್ಲೇಖ: ದಿನಾಂಕ 25-09-2025ರ ನನ್ನ ರಜೆ ಅರ್ಜಿ ಮತ್ತು 29-09-2025ರ ತಮ್ಮ ಮಂಜೂರಾತಿ

ಮಾನ್ಯ ಮೇಡಂ,

ಹಾಸನಾಂಬೆ ದರ್ಶನ ಮತ್ತು ದೀಪಾವಳಿಗೆಂದು ನಾನು ಕೇಳಿದ್ದ ಐದು ದಿನಗಳ ರಜೆಯನ್ನು ತಾವು ಒಂದು ಮಾತೂ ಆಡದೆ ಮಂಜೂರು ಮಾಡಿದ್ದಿರಿ. ಅದಕ್ಕೆ ಋಣಿಯಾಗಿದ್ದೇನೆ. ಆದರೆ ನಿನ್ನೆ ಬಂದಿರುವ ಕೆಲಸ ನೋಡಿದರೆ ಈ ಹೊತ್ತಿನಲ್ಲಿ ನಾನು ಊರಿಗೆ ಹೊರಡುವುದು ಸರಿಯಲ್ಲ ಅನಿಸುತ್ತಿದೆ. ಆದ್ದರಿಂದ ಆ ಐದೂ ದಿನಗಳ ರಜೆಯನ್ನು ಹಿಂಪಡೆಯಲು ಅನುಮತಿ ಕೊಡಬೇಕೆಂದು ಕೋರುತ್ತೇನೆ.

ಜರ್ಮನಿಯ ಖರೀದಿದಾರರ ಇಮೇಲ್ ತಮಗೂ ಬಂದಿದೆ. ಹೊಸ ಬೆಳೆಯ ಒಪ್ಪಂದಕ್ಕೆ ಕೂರುವ ಮೊದಲು ನಮ್ಮ 142 ತೋಟಗಳ ಸ್ಥಳ ಮಾಹಿತಿಯ ಫೈಲು 24ರ ಸಂಜೆಯೊಳಗೆ ಕೈಸೇರಬೇಕು ಎಂದು ಅವರು ಬರೆದಿದ್ದಾರೆ. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮವನ್ನು ಇನ್ನೊಂದು ವರ್ಷ ಮುಂದೂಡುವ ಮಾತು ಕಳೆದ ತಿಂಗಳಿಂದ ಕೇಳಿಬರುತ್ತಿದೆ, ನಿಜ. ಆದರೆ ಅದಿನ್ನೂ ಮಾತಿನ ಹಂತದಲ್ಲೇ ಇದೆ. ಇವತ್ತಿನ ಲೆಕ್ಕಕ್ಕೆ ಡಿಸೆಂಬರ್ 30ರ ಗಡುವು ಹಾಗೇ ಇದೆ, ಖರೀದಿದಾರರು ಅದನ್ನೇ ಹಿಡಿದು ಕೂತಿದ್ದಾರೆ. ಮುಂದಕ್ಕೆ ಹೋದರೆ ನೋಡೋಣ ಎಂದು ನಾವು ಸುಮ್ಮನಿದ್ದರೆ, ಅವರು ಬೇರೆ ಕಡೆ ಕಾಫಿ ನೋಡಿಕೊಳ್ಳುತ್ತಾರೆ.

ನಿನ್ನೆ ರಾತ್ರಿ ಇಡೀ ಫೈಲನ್ನು ಮತ್ತೊಮ್ಮೆ ತೆರೆದು ನೋಡಿದೆ. 38 ತೋಟಗಳ ದಾಖಲೆ ಈಗಿರುವ ಸ್ಥಿತಿಯಲ್ಲಿ ಕಳಿಸುವಂತಿಲ್ಲ. ಇವುಗಳಲ್ಲಿ 27 ಮೇಜಿನ ಮೇಲೇ ಸರಿಹೋಗುವಂಥವು. ಕೆಲವಕ್ಕೆ ದಶಮಾಂಶದ ನಂತರ ನಾಲ್ಕೇ ಅಂಕಿ ಇವೆ, ನಿಯಮಕ್ಕೆ ಆರು ಬೇಕು. ಮೂಲ ಅಳತೆ ನಮ್ಮ ಫೋನುಗಳಲ್ಲೇ ಉಳಿದಿರುವುದರಿಂದ ತುಂಬಿಸಬಹುದು. ಇನ್ನು ಕೆಲವದರಲ್ಲಿ ರೇಖಾಂಶ ಮತ್ತು ಅಕ್ಷಾಂಶ ಅದಲುಬದಲಾಗಿವೆ. ಅವರು ಕೇಳುವ ಫೈಲಿನಲ್ಲಿ 75ರಿಂದ ಶುರುವಾಗುವ ರೇಖಾಂಶ ಮೊದಲು ಬರಬೇಕು, 13ರ ಅಕ್ಷಾಂಶ ಆಮೇಲೆ. ತಿರುಗಾಮುರುಗಾ ಆದರೆ ಆಲ್ದೂರಿನ ತೋಟ ನಾರ್ವೆಯ ಉತ್ತರಕ್ಕೆ ತಣ್ಣನೆಯ ಸಮುದ್ರದ ನಡುವೆ ಹೋಗಿ ಬೀಳುತ್ತದೆ. ನಕ್ಷೆ ತೆರೆದಾಗ ನನಗೇ ನಗು ಬಂತು, ಖರೀದಿದಾರರಿಗೆ ಬರಲಿಕ್ಕಿಲ್ಲ. ಈ 27ನ್ನು ಇವತ್ತು, ನಾಳೆ ಕೂತು ಮುಗಿಸುತ್ತೇನೆ.

ಕಷ್ಟ ಇರುವುದು ಉಳಿದ 11 ತೋಟಗಳದ್ದು. ಇವೆಲ್ಲ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ, ದಾಟಿದ ತೋಟಗಳು. ಚಿಕ್ಕ ತೋಟಕ್ಕೆ ಒಂದು ಬಿಂದು ಕೊಟ್ಟರೆ ಸಾಕು, ಇಷ್ಟು ದೊಡ್ಡದಕ್ಕೆ ಸುತ್ತಲಿನ ಗಡಿರೇಖೆಯೇ ಬೇಕು. ನಮ್ಮಲ್ಲಿ ಕೆಲವಕ್ಕೆ ಬರೀ ಬಿಂದು ಇದೆ. ಗಡಿ ಎಳೆದಿರುವ ತೋಟಗಳಲ್ಲೂ, ಸಿಲ್ವರ್ ಓಕ್ ದಟ್ಟವಾಗಿರುವ ಕಡೆ ಫೋನಿನ ಜಿಪಿಎಸ್ ಜಾರಿ ಗೆರೆ ಪಕ್ಕದ ಕಾಡಿನೊಳಗೆ ಹೋಗಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿಲ್ಲ ಎಂದು ತೋರಿಸಬೇಕಾದ ಕಾಗದದಲ್ಲೇ ತೋಟ ಕಾಡಿನೊಳಗೆ ಕಂಡರೆ, ಆಮೇಲೆ ಎಷ್ಟು ವಿವರಣೆ ಕೊಟ್ಟರೂ ದಕ್ಕುವುದಿಲ್ಲ. ಬೇಲಿ ಪಕ್ಕದಲ್ಲಿ ಮತ್ತೆ ನಡೆದು ಅಳೆಯುವುದು ಬಿಟ್ಟರೆ ದಾರಿಯಿಲ್ಲ.

ಈ ಕೆಲಸಕ್ಕೆ ಬೇರೆಯವರನ್ನು ಕಳಿಸಬಹುದಿತ್ತು, ಅದನ್ನೂ ಯೋಚಿಸಿದೆ. ನನ್ನ ಬದಲಿಗೆ ಒಪ್ಪಿಕೊಂಡಿದ್ದ ಮಂಜುನಾಥ ಕಂಪ್ಯೂಟರ್ ಕೆಲಸದಲ್ಲಿ ನನಗಿಂತ ಚುರುಕು. ಆದರೆ ಬೆಳೆಗಾರರ ವಿಷಯ ತಮಗೆ ಗೊತ್ತೇ ಇದೆ. ಫೋನು ಹಿಡಿದು ಗಡಿ ಸುತ್ತುವವರನ್ನು ಕಂಡರೆ ಅವರಿಗೆ ಮೊದಲು ನೆನಪಾಗುವುದು ಒತ್ತುವರಿ ತೆರವು. "ಈ ನಕ್ಷೆ ನಾಳೆ ತಾಲ್ಲೂಕು ಆಫೀಸಿಗೆ ಹೋಗಲ್ಲ ತಾನೇ?" ಎಂದು ಮಲ್ಲಂದೂರು ಕಡೆಯ ಹಿರಿಯರೊಬ್ಬರು ಪಹಣಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದರು. ಇದು ಖರೀದಿಗೆ ಮಾತ್ರ ಎಂದು ಅವರನ್ನು ಒಪ್ಪಿಸಲು ನನಗೆ ಮೂರು ಸಲ ಕಾಫಿ ಕುಡಿಯಬೇಕಾಯಿತು. ಅಲ್ಲಿಗೆ ಹಬ್ಬದ ಹೊತ್ತಿನಲ್ಲಿ ಹೊಸಬರು ಹೋದರೆ ಗೇಟು ತೆಗೆಯುವುದೂ ಕಷ್ಟ. ನಿನ್ನೆಯೇ ಎಲ್ಲರಿಗೂ ಫೋನು ಮಾಡಿದ್ದೇನೆ, 11 ಮಂದಿಯೂ ಬನ್ನಿ ಎಂದಿದ್ದಾರೆ.

17 ಮತ್ತು 18ರಂದು ಮಲ್ಲೇನಹಳ್ಳಿ ಮತ್ತು ಕೈಮರ ಕಡೆಯ ತೋಟಗಳನ್ನು ಮುಗಿಸಿಕೊಳ್ಳುತ್ತೇನೆ, ಯಾಕೆಂದರೆ 19ರ ನಂತರ ದೇವೀರಮ್ಮನ ಬೆಟ್ಟ ಹತ್ತುವವರ ಸಂದಣಿಯಲ್ಲಿ ಆ ರಸ್ತೆಗೆ ಜೀಪು ಇಳಿಸುವಂತಿಲ್ಲ. 21 ಮತ್ತು 23ಕ್ಕೆ ಆಲ್ದೂರು, ಮಲ್ಲಂದೂರು. ದಿನಕ್ಕೆ ಮೂರು ತೋಟವಾದರೆ ಲೆಕ್ಕ ಕೂಡುತ್ತದೆ, ಮಧ್ಯಾಹ್ನದ ಮಳೆ ಸ್ವಲ್ಪ ದಯೆ ತೋರಬೇಕು ಅಷ್ಟೆ. 24ರ ಮಧ್ಯಾಹ್ನ ಫೈಲು ತಮ್ಮ ಮುಂದಿಡುತ್ತೇನೆ, ತಾವು ನೋಡಿದ ಮೇಲೆ ಕಳಿಸೋಣ. ಈ ನಾಲ್ಕು ದಿನ ಬೆಳಿಗ್ಗೆ 7 ಗಂಟೆಗೆ ಜೀಪು ಮತ್ತು ಚಾಲಕರನ್ನು ನಮಗೆ ಬಿಟ್ಟುಕೊಟ್ಟರೆ ಉಪಕಾರವಾಗುತ್ತದೆ. ಮಂಜುನಾಥನನ್ನೂ ಜೊತೆಗೆ ಕರೆದೊಯ್ಯುತ್ತೇನೆ, ಬೆಳೆಗಾರರಿಗೆ ಅವನ ಮುಖಪರಿಚಯವೂ ಆಗಲಿ.

19 ಭಾನುವಾರ, 20 ಕಚೇರಿಗೇ ರಜೆ. ಆ ಎರಡು ದಿನ ಮಾತ್ರ ಹಾಸನಕ್ಕೆ ಹೋಗಿ 20ರ ರಾತ್ರಿಯೇ ಮರಳುತ್ತೇನೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುವುದರಿಂದ ಅಮ್ಮನಿಗೆ ಸ್ವಲ್ಪ ಬೇಜಾರಾಯಿತು, ಸಾಲು ಸಾಗಿದರೆ ಅಷ್ಟರಲ್ಲೇ ದರ್ಶನ ಮಾಡಿಸುತ್ತೇನೆ. ಆಗದಿದ್ದರೆ ತಮ್ಮ ಕರೆದೊಯ್ಯುತ್ತಾನೆ. ಬಲಿಪಾಡ್ಯಮಿಯ 22ರಂದು ಇಲ್ಲೇ ಇದ್ದು ಅಲ್ಲಿಯವರೆಗಿನ ಅಳತೆಗಳನ್ನು ಫೈಲಿಗೆ ಏರಿಸುತ್ತೇನೆ. ಅದು ನನ್ನ ಅನುಕೂಲಕ್ಕೆ ಮಾಡಿಕೊಳ್ಳುವ ಕೆಲಸ, ಬದಲಿ ರಜೆ ಕೇಳುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಮಂಜೂರಾದ ರಜೆಯನ್ನು ರದ್ದು ಮಾಡಲು ಪೋರ್ಟಲ್ ನನಗೆ ಬಿಡುತ್ತಿಲ್ಲ. ತಾವು ಅದನ್ನು ಹಿಂದಿರುಗಿಸಿದರೆ ಐದು ದಿನ ನನ್ನ ಖಾತೆಗೆ ಮರಳುತ್ತವೆ. 17ಕ್ಕೆ ಮುಂಚೆ ಆಗದಿದ್ದರೆ ಹಾಜರಾತಿಯಲ್ಲಿ ರಜೆ ಎಂದೇ ದಾಖಲಾಗುತ್ತದೆ ಎಂದು ಸಿಬ್ಬಂದಿ ವಿಭಾಗದವರು ಹೇಳಿದರು, ಹಾಗಾಗಿ ನಾಳೆಯೊಳಗೆ ಗಮನ ಹರಿಸಲು ವಿನಂತಿ. ಈ ಪತ್ರದ ಪ್ರತಿಯನ್ನು ಅವರಿಗೂ ಕೊಟ್ಟಿದ್ದೇನೆ.

ಉಳಿದ ರಜೆಯನ್ನು ಯಾವಾಗ ಕೇಳಬೇಕೆಂದು ಈಗಲೇ ಹೇಳಲಾರೆ. ಕೊಯ್ಲು ಶುರುವಾದ ಮೇಲೆ ಕೇಳಿ ತಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ಅರೇಬಿಕಾ ಕೊಯ್ಲು ಮುಗಿದು ಕಾಫಿ ಕ್ಯೂರಿಂಗ್‌ಗೆ ಹೋದ ಮೇಲೆ ಹೊಸದಾಗಿ ಅರ್ಜಿ ಕೊಡುತ್ತೇನೆ.

ಕೊನೆಗಳಿಗೆಯ ಈ ಬದಲಾವಣೆಯಿಂದ ಕೆಲಸದ ಹಂಚಿಕೆಯಲ್ಲಿ ತಮಗೆ ತೊಂದರೆಯಾಗಿದ್ದರೆ ಮನ್ನಿಸಬೇಕು. ಬೇರೆ ವ್ಯವಸ್ಥೆ ಈಗಾಗಲೇ ಆಗಿದ್ದರೆ ಒಂದು ಫೋನು ಮಾಡಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಪ್ರದೀಪ್
ಕ್ಷೇತ್ರ ಮೇಲ್ವಿಚಾರಕ

ಪ್ರತಿ: ಸಿಬ್ಬಂದಿ ವಿಭಾಗ
ಲಗತ್ತು: ಮರು ಅಳತೆ ಆಗಬೇಕಾದ 11 ತೋಟಗಳ ಪಟ್ಟಿ