ಹಬ್ಬದ ತಿಂಗಳ ನಂತರ ನಿಂತ ತೂಕ: ನಿಮ್ಮ ಮೇಲ್‌ಗೆ ಉತ್ತರ

ನಮಸ್ಕಾರ ಮೇಡಂ,

ನಿಮ್ಮ ಮೇಲ್, ಜೊತೆಗೆ ಕಳಿಸಿದ್ದ ಮೂರು ವಾರದ ಊಟದ ಡೈರಿ, ಎರಡನ್ನೂ ನಿಧಾನವಾಗಿ ಓದಿದೆ. ಹಬ್ಬ ಮುಗಿದರೂ ತೂಕ ಇಳಿಯುತ್ತಿಲ್ಲ, ರಾತ್ರಿ ಊಟ ಬಿಟ್ಟು 1,000 ಕ್ಯಾಲೊರಿಗೆ ಇಳಿಯಲೇ ಅಂತ ಕೇಳಿದ್ದೀರಿ. ಮೊದಲಿಗೇ ಒಂದು ಮಾತು. ರಾತ್ರಿ ಊಟ ಬಿಡಬೇಡಿ. 1,000 ಕ್ಯಾಲೊರಿಗೆ ಇಳಿಯುವ ಯೋಚನೆಯೂ ಬೇಡ. ಕಾರಣ ಮುಂದೆ ಬರೆದಿದ್ದೇನೆ.

"ಆರು ತಿಂಗಳ ಶ್ರಮ ಎಲ್ಲ ನೀರುಪಾಲಾಯ್ತು" ಅಂತ ಬರೆದಿದ್ದೀರಿ. ಅದನ್ನು ಓದಿ ಬೇಜಾರಾಯಿತು, ಯಾಕೆಂದರೆ ಲೆಕ್ಕ ಹಾಗೆ ಹೇಳುವುದಿಲ್ಲ. 80 ಕೆಜಿಯಿಂದ ಶುರು ಮಾಡಿ ಹಬ್ಬದ ಮುಂಚೆ 72.6ಕ್ಕೆ ಬಂದಿದ್ದಿರಿ. ಹಬ್ಬ ಮುಗಿದ ಮರುದಿನ ತಕ್ಕಡಿ 74.6 ತೋರಿಸಿತು. ಒಂದೇ ವಾರದಲ್ಲಿ 73.6ಕ್ಕೆ ಇಳಿಯಿತು. ಆಮೇಲೆ ಮೂರು ವಾರದಿಂದ ಅಲ್ಲೇ ಇದೆ.

ಅಷ್ಟು ಬೇಗ ಹೋದ ಆ ಒಂದು ಕೆಜಿ ಬಹುಪಾಲು ನೀರು. ಅನ್ನ, ಸಿಹಿ ಜಾಸ್ತಿ ತಿಂದಾಗ ದೇಹ ಅದರಲ್ಲಿ ಒಂದಷ್ಟನ್ನು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ, ಲಿವರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಕರಿದ ಖಾರದ ತಿಂಡಿಗಳಲ್ಲಿರುವ ಉಪ್ಪೂ ನೀರನ್ನು ಹಿಡಿದಿಡುತ್ತದೆ. ಹಾಗಾಗಿ ಹಬ್ಬದ ಮರುದಿನದ ತೂಕ ನೋಡಿ ಯಾರೂ ಗಾಬರಿಯಾಗಬಾರದು.

ಉಳಿದ ಇನ್ನೊಂದು ಕೆಜಿ ಮಾತ್ರ ಹೆಚ್ಚಾಗಿ ಕೊಬ್ಬೇ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಒಂದು ಕೆಜಿ ಕೊಬ್ಬು ಅಂದರೆ ಅಂದಾಜು 7,700 ಕ್ಯಾಲೊರಿ. 30 ದಿನಕ್ಕೆ ಹಂಚಿದರೆ ದಿನಕ್ಕೆ 250ರ ಆಸುಪಾಸು. ಮನೆಗೆ ಬಂದವರ ಜೊತೆ ದಿನಾ ಒಂದೆರಡು ಸಿಹಿ ತಿಂದರೆ ಅಷ್ಟಾಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. 7.4 ಕೆಜಿ ಇಳಿಸಿದ್ದಿರಿ, ಒಂದು ಕೆಜಿ ವಾಪಸ್ ಬಂದಿದೆ, ಅಷ್ಟೇ.

ಹಾಗಾದರೆ ಹಬ್ಬ ಮುಗಿದರೂ ಯಾಕೆ ಇಳಿಯುತ್ತಿಲ್ಲ? ಉತ್ತರ ನಿಮ್ಮ ಡೈರಿಯಲ್ಲೇ ಇದೆ. ಮೊದಲ ತಿಂಗಳುಗಳಲ್ಲಿ "ಅನ್ನ ಒಂದು ಕಪ್, ಎಣ್ಣೆ ಎರಡು ಟೀ ಚಮಚ" ಅಂತ ಬರೆಯುತ್ತಿದ್ದಿರಿ. ಈಗ "ಅನ್ನ, ತರಕಾರಿ, ಸ್ವಲ್ಪ ಎಣ್ಣೆ" ಅಂತ ಬರೆದಿದ್ದೀರಿ. ತಿನ್ನುವ ಪದಾರ್ಥ ಅದೇ, ಅಳತೆ ಮಾತ್ರ ಮಾಯವಾಗಿದೆ. ಒಂದು ಟೀ ಚಮಚ ಎಣ್ಣೆಯಲ್ಲಿ 40–45 ಕ್ಯಾಲೊರಿ ಇರುತ್ತದೆ. ಬಾಟಲಿಯಿಂದ ನೇರವಾಗಿ ಸುರಿದರೆ ಎರಡರ ಬದಲು ನಾಲ್ಕು ಚಮಚ ಬೀಳುವುದು ತೀರಾ ಸುಲಭ. ಎರಡು ಕಪ್ ಇದ್ದ ಕಾಫಿ ನಾಲ್ಕಾಗಿದೆ, ನಾಲ್ಕಕ್ಕೂ ಸಕ್ಕರೆ ಇದೆ. ಉಳಿದ ಸಿಹಿಯ ಡಬ್ಬಿ ಎರಡನೇ ವಾರದವರೆಗೂ ಅಡುಗೆಮನೆ ಕಟ್ಟೆಯ ಮೇಲೇ ಇತ್ತು ಅಂತ ನೀವೇ ಬರೆದಿದ್ದೀರಿ. ನಡಿಗೆಯೂ ಕಡಿಮೆಯಾಗಿದೆ. ನಿಮ್ಮ ಫೋನ್ ಪ್ರಕಾರ ಹಬ್ಬದ ಮುಂಚೆ ದಿನಕ್ಕೆ ಸರಾಸರಿ 7,500 ಹೆಜ್ಜೆ, ಈಗ 4,800.

ಇನ್ನೊಂದು ವಿಷಯ. ನಿಮ್ಮ ಹಳೆಯ ಪ್ಲಾನ್ 80 ಕೆಜಿ ದೇಹಕ್ಕೆ ಲೆಕ್ಕ ಹಾಕಿದ್ದು. ದೇಹ ಹಗುರವಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಅಂದರೆ ಮೊದಲಿದ್ದಷ್ಟು ಸಡಿಲ ಈಗ ನಿಮಗಿಲ್ಲ. ಈ ಸಣ್ಣಪುಟ್ಟದ್ದೆಲ್ಲ ಸೇರಿ ನೀವು ತಿನ್ನುವುದೂ ಖರ್ಚಾಗುವುದೂ ಸರಿಸಮ ಆಗಿದೆ. ಮುಳ್ಳು ಅಲ್ಲಾಡದಿರುವುದರ ಅರ್ಥ ಇಷ್ಟೇ.

"44 ಆಯ್ತು, ಮೆಟಬಾಲಿಸಂ ಸತ್ತೇ ಹೋಗಿರಬೇಕು" ಅಂದಿದ್ದೀರಿ. ಇದನ್ನು ಬಹಳ ಜನ ಹೇಳುತ್ತಾರೆ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ನೇ ವಯಸ್ಸಿನವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ ಇರುತ್ತದೆ ಅಂತ ಅದು ತೋರಿಸಿತು. ನಲವತ್ತರ ನಂತರ ನಿಜಕ್ಕೂ ಕಾಡುವುದು ಬೇರೆ ಸಂಗತಿಗಳು. ಸ್ನಾಯು ನಿಧಾನವಾಗಿ ಕರಗುತ್ತದೆ, ನಿದ್ದೆ ಕೆಡುತ್ತದೆ, ಮುಟ್ಟು ನಿಲ್ಲುವ ಹಂತ ಹತ್ತಿರವಾದಂತೆ ಕೊಬ್ಬು ಹೊಟ್ಟೆಯ ಕಡೆ ಸೇರುತ್ತದೆ.

ಊಟ ಬಿಡಬೇಡಿ ಅಂದಿದ್ದು ಇದಕ್ಕೇ. ತೀರಾ ಕಡಿಮೆ ತಿಂದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಈ ವಯಸ್ಸಿನಲ್ಲಿ ಕಳೆದುಕೊಂಡ ಸ್ನಾಯುವನ್ನು ಮತ್ತೆ ಕಟ್ಟುವುದು ಕಷ್ಟ. ನಿಮಗಂತೂ ಮಧ್ಯಾಹ್ನ ಕಡಿಮೆ ತಿಂದ ದಿನಗಳಲ್ಲೇ ಸಂಜೆ ಆರರ ನಂತರ ಕೈ ತಡೆದಿಲ್ಲ. ಡೈರಿಯಲ್ಲಿ ಅಂಥ ದಿನಗಳಿಗೆ ಗುರುತು ಹಾಕಿ ನೋಡಿ, ನಿಮಗೇ ಕಾಣುತ್ತದೆ.

ಮುಂದಿನ ಮೂರು ವಾರ ಹೀಗೆ ಮಾಡೋಣ. ದಿನಕ್ಕೆ 1,500 ಕ್ಯಾಲೊರಿ, ಅದಕ್ಕಿಂತ ಕಡಿಮೆ ಬೇಡ. ಅಡುಗೆ ಎಣ್ಣೆಯನ್ನು ಚಮಚದಲ್ಲೇ ಅಳೆಯಿರಿ, ಅನ್ನವನ್ನು ಕಪ್‌ನಲ್ಲೇ ಬಡಿಸಿಕೊಳ್ಳಿ. ಜೀವನಪೂರ್ತಿ ಅಳೆಯಿರಿ ಅನ್ನುತ್ತಿಲ್ಲ. ಕಣ್ಣಳತೆ ಮತ್ತೆ ಸರಿಹೋಗುವವರೆಗೆ ಸಾಕು. ಕಾಫಿ ಎರಡಕ್ಕೆ ವಾಪಸ್.

ಪ್ರೋಟೀನ್ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಈಗ ದಿನಕ್ಕೆ 45 ಗ್ರಾಂ ದಾಟುತ್ತಿಲ್ಲ, 75–80 ಗ್ರಾಂ ಬೇಕು. ನಿಮ್ಮ ಕಿಡ್ನಿ ರಿಪೋರ್ಟ್ ಸರಿಯಿದೆ, ಭಯ ಬೇಡ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬೇಯಿಸಿದ ಕಾಳಿನಲ್ಲಿ 8 ಗ್ರಾಂ ಸಿಗುತ್ತದೆ. ಬೆಳಗ್ಗೆ ಎರಡು ಮೊಟ್ಟೆ, ಎರಡೂ ಹೊತ್ತಿನ ಊಟಕ್ಕೆ ಒಂದು ದೊಡ್ಡ ಬಟ್ಟಲು ಕಾಳು, ಜೊತೆಗೆ ಮೊಸರು. ಇಷ್ಟಾದರೂ ಕೊರತೆ ಉಳಿಯುತ್ತದೆ. ಅದಕ್ಕೆ ಸಂಜೆ ನಾಲ್ಕೂವರೆಗೆ ಸೋಯಾ ಅಥವಾ ಪನೀರ್ ಸೇರಿಸಿ. ಹಸಿವಾಗುವ ಮುಂಚೆಯೇ ತಿನ್ನಿ, ಆರು ಗಂಟೆಯ ಕಾಟವೂ ತಗ್ಗುತ್ತದೆ.

ಸಿಹಿ ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ವಾರಕ್ಕೆ ಎರಡು ಸಲ, ಊಟ ಆದ ಮೇಲೆ, ತಟ್ಟೆಗೆ ಹಾಕಿಕೊಂಡು ಕೂತು ತಿನ್ನಿ. ಉಳಿದದ್ದನ್ನು ಇವತ್ತೇ ಯಾರಿಗಾದರೂ ಕೊಟ್ಟುಬಿಡಿ.

ನಡಿಗೆ ಈ ವಾರ 6,000, ಮುಂದಿನ ವಾರ 7,500. ವಾರಕ್ಕೆ ಎರಡು ದಿನ 20 ನಿಮಿಷ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಪುಷ್‌ಅಪ್, ನೀರಿನ ಬಾಟಲಿ ಎತ್ತುವುದು. ಜಿಮ್ ಬೇಕಾಗಿಲ್ಲ. ಮೊಣಕಾಲು ನೋವು ಬಂದರೆ ನಿಲ್ಲಿಸಿ ನನಗೆ ತಿಳಿಸಿ. ರಾತ್ರಿ ಹನ್ನೊಂದಕ್ಕೆ ಫೋನ್ ಇಡುವುದೂ ಇದರ ಭಾಗವೇ. ಐದು ಗಂಟೆ ನಿದ್ದೆ ಮಾಡಿದ ದಿನ ಹಸಿವು ಜಾಸ್ತಿ ಅಂತ ನೀವೇ ಬರೆದಿದ್ದೀರಿ ಅಲ್ವಾ?

ಥೈರಾಯ್ಡ್ ಬಗ್ಗೆ ಕೇಳಿದ್ದೀರಿ. ಆರು ತಿಂಗಳ ಹಿಂದಿನ ಟಿಎಸ್‌ಎಚ್ ನಾರ್ಮಲ್ ಇತ್ತು. ಸುಸ್ತು, ಜಾಸ್ತಿ ಚಳಿ, ಮಲಬದ್ಧತೆ, ಕೂದಲು ಉದುರುವುದು ಹೊಸದಾಗಿ ಶುರುವಾಗಿದ್ದರೆ ಡಾಕ್ಟರಿಗೆ ತೋರಿಸಿ, ಮತ್ತೆ ಪರೀಕ್ಷೆ ಮಾಡಿಸೋಣ. ಬರೀ ಒಂದು ಕೆಜಿ ನಿಂತಿದೆ ಅಂತ ಬೇಡ. ಮುಟ್ಟು ಏರುಪೇರಾಗಿರುವುದನ್ನು ಮಾತ್ರ ನಿಮ್ಮ ಸ್ತ್ರೀರೋಗ ತಜ್ಞರಿಗೆ ಹೇಳಿ.

ತೂಕವನ್ನು ದಿನಕ್ಕೆ ಮೂರು ಸಲ ನೋಡುವುದು ಸಾಕು ಮಾಡಿ. ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ, ದಿನಕ್ಕೆ ಒಂದೇ ಸಲ. ವಾರದ ಸರಾಸರಿಯನ್ನು ಹಿಂದಿನ ವಾರದ್ದಕ್ಕೆ ಹೋಲಿಸಿ. ಮುಟ್ಟಿನ ಮುಂಚೆ ನೀರು ಸೇರಿ ತೂಕ ಏರಬಹುದು, ಆ ವಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ವಾರಕ್ಕೆ 300–400 ಗ್ರಾಂ ಇಳಿದರೂ ನನಗೆ ಸಂತೋಷ.

ಭಾನುವಾರ ರಾತ್ರಿಯೊಳಗೆ ವಾರದ ಸರಾಸರಿ ತೂಕ, ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ, ಅಳತೆ ಸಮೇತ ಬರೆದ ಡೈರಿ ಕಳಿಸಿ. ಸೋಮವಾರ ಸಂಜೆ ಫೋನ್‌ನಲ್ಲಿ ಮಾತಾಡೋಣ.

ನಿಮ್ಮ ಡಯಟಿಶಿಯನ್